ಸೋತ ವಾರದ ಗುರುವಾರ

ಲುಸಿನೇಯಾಳನ್ನು ಸಾಂತಾ ಲುಜಿಯಾ ಬಡಾವಣೆಯಲ್ಲಿ ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ. ದೊಡ್ಡವರಿಗೆ ಅವಳು ನೇಯಾ, ಮಕ್ಕಳಿಗೆ ನೇಯಾ ಅತ್ತೆ. ಜುಯಿಜ್ ಜಿ ಫೋರಾ ಪಟ್ಟಣದ ಏರು ಇಳಿಜಾರಿನ ಬೀದಿಗಳಲ್ಲಿ ಹಳದಿ ಪಟ್ಟಿಯ ಶಾಲಾ ವ್ಯಾನ್ ಓಡಿಸುತ್ತ ಅವಳಿಗೆ ಒಂಬತ್ತು ವರ್ಷ ಕಳೆದಿತ್ತು. ಬೆಳಗಿನ ಪಾಳಿಯ ಮಕ್ಕಳನ್ನು ಏಳು ಗಂಟೆಯೊಳಗೆ ಶಾಲೆಗೆ ಬಿಟ್ಟರೆ, ಮತ್ತೆ ಅವರನ್ನು ಕರೆತರಲು ಹೊರಡಬೇಕಾದದ್ದು ಹನ್ನೊಂದಕ್ಕೆ. ನಡುವಿನ ಹೊತ್ತು ಅವಳದು. ಆ ಹೊತ್ತಿನಲ್ಲಿ ಅವಳು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಟ್ರೇಡಿಂಗ್ ಮಾಡುತ್ತಿದ್ದಳು.

ಅದು ಶುರುವಾದದ್ದು ಶಾಲೆಗಳೆಲ್ಲ ಮುಚ್ಚಿದ್ದ ವರ್ಷ. ವ್ಯಾನ್ ಅಂಗಳದಲ್ಲೇ ನಿಂತು ಟೈರುಗಳು ಚಪ್ಪಟೆಯಾಗುತ್ತಿದ್ದಾಗ ಅವಳು ಊರಿನ ಅರ್ಧ ಜನರಂತೆ ಫೋನಿನಲ್ಲಿ ವಿಡಿಯೊ ನೋಡಿ ಷೇರು ಸೂಚ್ಯಂಕದ ಏರಿಳಿತದ ಮೇಲೆ ಪಣ ಕಟ್ಟುವ ಮಿನಿ ಫ್ಯೂಚರ್ಸ್ ಕಲಿತಳು. ಮೊದಲ ವರ್ಷ ಕೂಡಿಟ್ಟಿದ್ದರಲ್ಲಿ ಮೂರು ಸಾವಿರ ರೆಯಾಲ್ ಹೋಯಿತು. ಗಂಡ ವಾಲ್ಡೆಮಿರ್ ಫ್ರಿಜ್ ರಿಪೇರಿ ಮಾಡುವವನು, ಜಗಳ ಗೊತ್ತಿಲ್ಲದವನು. ಅವನು ಹೇಳಿದ್ದು ಇಷ್ಟೇ: "ಆಡು, ಬೇಡ ಅನ್ನಲ್ಲ. ಹೋದ್ರೆ ಹೋಯ್ತು ಅನ್ನೋ ದುಡ್ಡನ್ನ ಬೇರೆ ಇಡು. ಅದ್ರಾಚೆಗೆ ಕೈ ಹಾಕ್ಬೇಡ."

ಹಾಗೆ ನಾಲ್ಕು ಸಾವಿರ ಬೇರೆ ಇಟ್ಟಳು. ನಿಯಮಗಳನ್ನೂ ಮಾಡಿಕೊಂಡಳು. ಒಮ್ಮೆಗೆ ಎರಡೇ ಲಾಟ್, ಅಂದರೆ ಎರಡೇ ಒಪ್ಪಂದ. ಬೆಲೆ ನೂರೈವತ್ತು ಅಂಶ ಎದುರು ಹೋದರೆ ಮೊದಲೇ ಕೊಟ್ಟಿಟ್ಟ ಸ್ಟಾಪ್ ಲಾಸ್ ಆದೇಶ ತಾನಾಗಿ ಮಾರಿ ಅವಳನ್ನು ಹೊರಗೆ ಹಾಕಬೇಕು. ಒಂದು ಲಾಟಿಗೆ ಅಂಶಕ್ಕೆ ಇಪ್ಪತ್ತು ಸೆಂಟಾವೊ, ಅಂದರೆ ರೆಯಾಲಿನ ಐದನೇ ಒಂದು ಭಾಗದ ಲೆಕ್ಕದಲ್ಲಿ, ಎರಡು ಲಾಟಿಗೆ ಅದು ಅರವತ್ತು ರೆಯಾಲ್ ನಷ್ಟ. ದಿನಕ್ಕೆ ಎರಡು ಬಾರಿ ಹಾಗಾದರೆ ಲ್ಯಾಪ್‌ಟಾಪ್ ಮುಚ್ಚಬೇಕು. ಬ್ರೋಕರ್ ಕಂಪನಿಯ ಆ್ಯಪ್‌ನಲ್ಲಿ ದಿನದ ನಷ್ಟ ನೂರೈವತ್ತು ಮುಟ್ಟಿದರೆ ಎಲ್ಲವನ್ನೂ ಮಾರಿ ಬಾಗಿಲು ಹಾಕುವ ಬೀಗವೊಂದಿದೆ, ಅದನ್ನೂ ಹಾಕಿಟ್ಟಿದ್ದಳು. ಹತ್ತೂಮುಕ್ಕಾಲರ ನಂತರ ಕೈಯಲ್ಲಿ ಏನೂ ಉಳಿಯಬಾರದು. ಪ್ರತಿ ಶನಿವಾರ ಮಧ್ಯಾಹ್ನ ಆ ವಾರ ಏನಾಯಿತು, ಯಾಕಾಯಿತು ಎಂದು ತನಗೆ ತಾನೇ ಒಂದು ಟಿಪ್ಪಣಿ ಬರೆಯಬೇಕು. ಗೆದ್ದ ವಾರ ಅದು ಹತ್ತು ನಿಮಿಷದ ಕೆಲಸ. ಸೋತ ವಾರ ಅವಳಿಗೆ ಅದಕ್ಕಿಂತ ಮೊದಲು ಮಾಡಬೇಕಾದ ನೂರು ಕೆಲಸ ನೆನಪಾಗುತ್ತಿದ್ದವು.

ಜೂನ್ ತಿಂಗಳ ಮೊದಲ ಶನಿವಾರವೂ ಹಾಗೆಯೇ ಆಯಿತು. ಹುರುಳಿಯನ್ನು ಕುಕ್ಕರಿಗೆ ಹಾಕಿದಳು, ಜೂನ್ ಹಬ್ಬಕ್ಕೆ ವ್ಯಾನಿನೊಳಗೆ ಕಟ್ಟಬೇಕಾದ ಬಣ್ಣದ ಕಾಗದದ ಬಾವುಟಗಳನ್ನು ಕತ್ತರಿಸಿದಳು, ಫ್ರಿಜ್ಜಿನ ಮೇಲಿನ ಧೂಳು ಒರೆಸಿದಳು. ವಾಲ್ಡೆಮಿರ್ ಕಾಫಿ ಕುಡಿಯುತ್ತ ನೋಡಿದ.

"ಫ್ರಿಜ್ ಮೇಲೆ ಧೂಳು ಇರುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ," ಎಂದ. "ಎಷ್ಟು ಹೋಯ್ತು?"

"ಐನೂರ ನಲವತ್ತು."

ಅವನು ಕಪ್ಪು ಕೆಳಗಿಟ್ಟ. ಎರಡು ಮಕ್ಕಳ ಒಂದು ತಿಂಗಳ ವ್ಯಾನ್ ಫೀಸಿಗಿಂತ ಸ್ವಲ್ಪ ಕಡಿಮೆ. "ಸರಿ, ಹಡಗು ಕೊಳ್ಳೋದು ಮುಂದಿನ ವರ್ಷಕ್ಕೆ ಹೋಯ್ತು ಅನ್ನು," ಎಂದು ಉಪಕರಣಗಳ ಚೀಲ ಹೆಗಲಿಗೆ ಹಾಕಿಕೊಂಡು ಯಾರದೋ ಫ್ರೀಜರ್ ನೋಡಲು ಹೋದ. ಬಯ್ದಿದ್ದರೆ ನೇಯಾಳಿಗೆ ಹಗುರಾಗುತ್ತಿತ್ತು.

ಅವಳು ಕೂತು ಬರೆದಳು:

"ಕೆಟ್ಟ ವಾರ. ಮಾರುಕಟ್ಟೆಗೆ ದಿಕ್ಕೇ ಇರಲಿಲ್ಲ. ಸೋಮವಾರ ಎರಡು ಸ್ಟಾಪ್, ನೂರಿಪ್ಪತ್ತು ಹೋಯಿತು. ಮಂಗಳವಾರ ಒಂದು ಗೆಲುವು, ಒಂದು ಸೋಲು, ನಲವತ್ತು ಉಳಿಯಿತು. ಬುಧವಾರ ಮತ್ತೆ ಎರಡು ಸ್ಟಾಪ್. ಗುರುವಾರ ಸರ್ಕಾರದ ಖರ್ಚಿನ ಸುದ್ದಿ ರಾಜಧಾನಿ ಬ್ರೆಸಿಲಿಯಾದಿಂದ ಬಂದು ಸೂಚ್ಯಂಕ ಬಿತ್ತು, ಮುನ್ನೂರ ನಲವತ್ತು ಹೋಯಿತು, ಯಾರಿಗೂ ಊಹಿಸಲಾಗುತ್ತಿರಲಿಲ್ಲ. ಶುಕ್ರವಾರ ಅಮೆರಿಕದ ಉದ್ಯೋಗದ ಅಂಕಿಅಂಶ ಬರುವ ದಿನ, ಶಿಸ್ತಿನಿಂದ ಕೈಕಟ್ಟಿ ಕೂತೆ. ಮುಂದಿನ ವಾರ ಸುದ್ದಿಗಳ ಮೇಲೆ ಹೆಚ್ಚು ಗಮನ ಕೊಡಬೇಕು."

ಓದಿ ನೋಡಿದಳು. ಒಂದು ಸುಳ್ಳೂ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ವ್ಯಾನ್ ತೊಳೆಯಲು ಅಂಗಳಕ್ಕೆ ಇಳಿದಳು.

ಅಲ್ಲಿ ದೋನಾ ಕ್ಲೆವುಜಾ ಆಗಲೇ ಬಕೆಟ್ ತುಂಬಿಸುತ್ತಿದ್ದರು. ಎಲ್ಲರೂ ಗೌರವದಿಂದ ದೋನಾ ಎನ್ನುವ, ಅರವತ್ತೊಂದು ದಾಟಿದ ಈ ಪಕ್ಕದ ಮನೆಯ ವಿಧವೆ ವ್ಯಾನಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಹತ್ತಿಸುವುದು, ಬೆಲ್ಟ್ ಬಿಗಿಯುವುದು, ಇಳಿಸಿ ಮನೆಯವರ ಕೈಗೆ ಒಪ್ಪಿಸುವುದು ಅವರ ಕೆಲಸ. ಶನಿವಾರ ತೊಳೆಯುವುದು ಅವರ ಕೆಲಸವಲ್ಲ, ಆದರೂ ಬರುತ್ತಿದ್ದರು. ನೇಯಾ ಸೀಟಿನಡಿಯ ಬಿಸ್ಕತ್ತಿನ ಪುಡಿ ಸರಿಯಾಗಿ ತೆಗೆಯುವುದಿಲ್ಲ ಎಂಬುದು ಅವರ ದೂರು.

ಇಬ್ಬರೂ ಉಜ್ಜತೊಡಗಿದರು. ಆಮೇಲೆ ದೋನಾ ಕ್ಲೆವುಜಾ ಕಿಟಕಿಯ ಗಾಜು ಒರೆಸುತ್ತಲೇ ಕೇಳಿದರು:

"ಗುರುವಾರ ಏನ್ ನೋಡ್ತಿದ್ದೆ ಮಗಳೇ ಫೋನಲ್ಲಿ?"

"ಮ್ಯಾಪು."

"ಮ್ಯಾಪು." ಬಟ್ಟೆ ಹಿಂಡಿದರು. "ಒಂಬತ್ತು ವರ್ಷ ಅದೇ ಬೀದೀಲಿ ಓಡಿಸ್ತಿದೀಯ. ಯಾವ ನಾಯಿ ಯಾವ ಗೇಟಲ್ಲಿ ಮಲಗುತ್ತೆ ಅಂತ ಗೊತ್ತು ನಿಂಗೆ. ಮ್ಯಾಪಂತೆ."

ನೇಯಾ ಟೈರಿಗೆ ಸೋಪು ಹಚ್ಚುತ್ತ ಕೂತಳು.

"ಆ ಮಗು ಒಟಾವಿಯೊ ಇದಾನಲ್ಲ," ಅವರು ಮುಂದುವರಿಸಿದರು, "ಅವ್ನ ಅಜ್ಜಿ ಕೇಳಿದ್ರು, ಯಾಕೆ ಅಷ್ಟು ತಡ ಅಂತ. ಮಂಡಿ ನೋವಿನ ಹೆಂಗಸು, ಆ ಚಳಿಗಾಳೀಲಿ ತಿರುವಲ್ಲಿ ನಿಂತಿದ್ರು. ಮಗು ಎಲ್ಲಿ ಹೋಯ್ತೋ ಅಂತ ಮುಖ ಬಿಳಿಚಿಕೊಂಡಿತ್ತು. ನಾನು ರಸ್ತೆ ಅಗೆದಿದಾರೆ, ಸುತ್ತಿ ಬಂದ್ವಿ ಅಂದೆ."

"ಯಾಕೆ ಹಾಗಂದ್ರಿ?"

"ಮತ್ತೇನ್ ಅನ್ಲಿ? ಡ್ರೈವರಮ್ಮ ಮ್ಯಾಪ್ ನೋಡ್ತಿದ್ರು ಅನ್ಲಾ? ನಾನು ಹಿಂದೆ ಒಂದ್ ಹುಡುಗಿ ಮಾಡ್ಕೊಂಡ ವಾಂತಿ ಒರೆಸ್ತಾ ಇದ್ದೆ. ತಿರುವು ಬಂತು ಅಂತ ಕೂಗಿದೆ, ನಿಂಗೆ ಕೇಳಿಸ್ಲೇ ಇಲ್ಲ. ಕೊನೆಗೆ ಆ ಮಗುನೇ ಹೇಳ್ತು." ಅವರು ಬಕೆಟ್ಟಿನ ನೀರು ಚರಂಡಿಗೆ ಚೆಲ್ಲಿದರು. ದನಿ ಏರಿಸಲಿಲ್ಲ. "ಒಂದ್ ಸಲ ನಿಂಗೋಸ್ಕರ ಸುಳ್ಳು ಹೇಳಿದೀನಿ. ನೀನು ನಂಗೂ ಎಷ್ಟೋ ಸಹಾಯ ಮಾಡಿದೀಯ, ನನ್ ಯಜಮಾನ್ರು ಹೋದಾಗ. ಅದಕ್ಕೆ. ಇನ್ನೊಂದ್ ಸಲ ಹೇಳಲ್ಲ. ಸೋಮವಾರ ಆ ಫೋನು ಸ್ಟೇರಿಂಗ್ ಹತ್ರ ಕಂಡ್ರೆ ನಾನು ಮಕ್ಕಳನ್ನ ಇಳಿಸಿಕೊಂಡು ನಡ್ಕೊಂಡೇ ಹೋಗ್ತೀನಿ. ಹನ್ನೊಂದು ಮಕ್ಕಳು, ಈ ದಿಬ್ಬ. ಊರೆಲ್ಲ ನೋಡ್ಲಿ."

ನೇಯಾಳಿಗೆ ನಗು ಬರಬೇಕಿತ್ತು, ಬರಲಿಲ್ಲ. ದೋನಾ ಕ್ಲೆವುಜಾ ಒದ್ದೆ ಬಟ್ಟೆಗಳನ್ನು ಬೇಲಿಗೆ ಹರವಿ, ಹುರುಳಿ ಸೀದ ವಾಸನೆ ಬರುತ್ತಿದೆ ಎಂದು ಹೇಳಿ ಹೊರಟುಹೋದರು.

ಹುರುಳಿ ನಿಜವಾಗಿಯೂ ತಳ ಹಿಡಿದಿತ್ತು. ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ, ನೇಯಾ ಮತ್ತೆ ಮೇಜಿಗೆ ಕೂತಳು. ಈ ಬಾರಿ ಮೊದಲು ಬರೆಯಲಿಲ್ಲ. ಬ್ರೋಕರ್ ಕಂಪನಿಯ ವರದಿ ತೆರೆದಳು. ಕೊಂಡದ್ದು, ಮಾರಿದ್ದು, ಬೆಲೆ, ಗಂಟೆ, ನಿಮಿಷ ಎಲ್ಲವೂ ಅದರಲ್ಲಿರುತ್ತವೆ. ಟಿಪ್ಪಣಿ ಬರೆಯುವ ಮೊದಲು ಅದನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು ಎಂಬುದೂ ಅವಳದೇ ನಿಯಮ. ಈ ವಾರ ಅದನ್ನು ತೆರೆದಿರಲಿಲ್ಲ.

ಗುರುವಾರದ ಮೊದಲ ಸಾಲು: ಹತ್ತು ಐವತ್ತೆರಡಕ್ಕೆ ಎರಡು ಲಾಟ್ ಕೊಂಡದ್ದು. ಕೈ ಖಾಲಿ ಇರಬೇಕಾದ ಹೊತ್ತಿನಲ್ಲಿ. ಆ ಬೆಳಿಗ್ಗೆಯೆಲ್ಲ ಅವಳು ಕಾಯುವ ಬಗೆಯ ಅವಕಾಶ ಬಂದಿರಲಿಲ್ಲ. ಬೆಲೆ ಏರಬೇಕು, ಸ್ವಲ್ಪ ಇಳಿದು ಉಸಿರು ತೆಗೆದುಕೊಳ್ಳಬೇಕು, ಮತ್ತೆ ಏರತೊಡಗಿದಾಗ ಕೊಳ್ಳಬೇಕು. ಅದು ಹತ್ತು ಐವತ್ತಕ್ಕೆ ಬಂತು, ಅಥವಾ ಬಂದಂತೆ ಕಂಡಿತು. ಮೂರು ದಿನದಲ್ಲಿ ಇನ್ನೂರು ಕಳೆದುಕೊಂಡವಳ ಕಣ್ಣಿಗೆ ಕಂಡಿತು.

ಆಮೇಲೆ ಸ್ಟಾಪ್ ಲಾಸ್. ವರದಿಯಲ್ಲಿ ಅದರ ಪಕ್ಕ 'ರದ್ದು' ಎಂದಿತ್ತು. ಹನ್ನೊಂದು ಎಂಟಕ್ಕೆ, ಇಳಿಜಾರಿನ ಸಿಗ್ನಲ್ಲಿನಲ್ಲಿ ನಿಂತಾಗ, ಬೆಲೆ ಸ್ಟಾಪಿನ ಹತ್ತಿರ ಬಂದದ್ದು ಕಂಡು ಅವಳೇ ಬೆರಳಿನಿಂದ ಅದನ್ನು ತೆಗೆದುಹಾಕಿದ್ದಳು. ಶಾಲೆಯ ಗೇಟಿನೆದುರು, ಮಕ್ಕಳು ಸಾಲಾಗಿ ಹತ್ತುತ್ತಿದ್ದಾಗ, ಮುನ್ನೂರೈವತ್ತು ಅಂಶ ಕೆಳಗೆ ಇನ್ನೆರಡು ಲಾಟ್ ಕೊಂಡಿದ್ದಳು. ಆವರೇಜ್ ಮಾಡುವುದು ಎಂದು ಇದಕ್ಕೆ ಹೆಸರು. ಮುಳುಗುವ ದೋಣಿಗೆ ಇನ್ನೊಬ್ಬರನ್ನು ಹತ್ತಿಸುವ ಕೆಲಸ ಎಂದು ಅವಳೇ ಹಳೆಯ ಟಿಪ್ಪಣಿಯೊಂದರಲ್ಲಿ ಬರೆದುಕೊಂಡಿದ್ದಳು. ಹನ್ನೆರಡು ದಾಟಿ ಆರು ನಿಮಿಷಕ್ಕೆ, ಪೆಟ್ರೋಲ್ ಬಂಕಿನ ಪಕ್ಕ ವ್ಯಾನ್ ನಿಲ್ಲಿಸಿ, ಮೊದಲು ಕೊಂಡ ಬೆಲೆಗಿಂತ ಆರುನೂರು ಅಂಶ ಕೆಳಗೆ ನಾಲ್ಕನ್ನೂ ಮಾರಿದ್ದಳು.

ಮೊದಲು ಬರೆದ ಸುದ್ದಿಯ ನೆಪ ಇಲ್ಲಿ ನಿಲ್ಲಲಿಲ್ಲ. ಸುದ್ದಿ ಬಂದದ್ದು ಹನ್ನೊಂದೂಕಾಲಿಗೆ. ಸ್ಟಾಪ್ ಇದ್ದಿದ್ದರೆ ಅದಕ್ಕೂ ಮೊದಲೇ ಅರವತ್ತು ರೆಯಾಲಿಗೆ ಅವಳು ಹೊರಗಿರುತ್ತಿದ್ದಳು.

ಆಗ ಅವಳಿಗೆ ಇನ್ನೊಂದು ಪ್ರಶ್ನೆ ಹುಟ್ಟಿತು. ಬೀಗ ಎಲ್ಲಿ ಹೋಯಿತು? ನೂರೈವತ್ತಕ್ಕೆ ಆ್ಯಪ್ ತಾನೇ ಎಲ್ಲವನ್ನೂ ಮಾರಬೇಕಿತ್ತು. ಸೆಟ್ಟಿಂಗ್ಸ್ ತೆರೆದು ನೋಡಿದಳು. ಮಿತಿ ಐನೂರು ಎಂದಿತ್ತು. ಬದಲಾದದ್ದು ಬುಧವಾರ ಸಂಜೆ. ಆ ದಿನ ಮುಟ್ಟಿದ ಮಿತಿಯನ್ನು ಆ ದಿನ ಬದಲಿಸಲಾಗುವುದಿಲ್ಲ, ಮಾರುಕಟ್ಟೆ ಮುಚ್ಚಿದ ಮೇಲೆ ಮಾರನೆಯ ದಿನಕ್ಕೆ ಬದಲಿಸಬಹುದು. ಅಡುಗೆ ಮಾಡುತ್ತ, ಅನ್ನಕ್ಕೆ ಬೆಳ್ಳುಳ್ಳಿ ಹುರಿಯುತ್ತ, ಇರಲಿ ಒಂದಷ್ಟು ಜಾಗ ಎಂದುಕೊಂಡು ಮಾಡಿದ್ದು ಅವಳಿಗೆ ಈಗ ನೆನಪಾಯಿತು. ಗುರುವಾರದ ಸೋಲನ್ನು ಅವಳು ಬುಧವಾರ ಸಂಜೆಯೇ ಒಪ್ಪಿಕೊಂಡಿದ್ದಳು, ಒಗ್ಗರಣೆಯ ಸದ್ದಿನ ನಡುವೆ.

ಇಷ್ಟು ಬರೆದರೆ ಟಿಪ್ಪಣಿ ಮುಗಿಯುತ್ತಿತ್ತು. ಆದರೆ ಹನ್ನೆರಡು ಆರು ಎಂಬ ಆ ಗಂಟೆಯ ಮೇಲೆ ಅವಳ ಕಣ್ಣು ನಿಂತಿತು. ಒಟಾವಿಯೊನ ಮನೆಯ ತಿರುವು ಹನ್ನೆರಡಕ್ಕೆ ಐದು ನಿಮಿಷವಿರುವಾಗ ಬರಬೇಕು. ಫೋನ್ ತೆಗೆದು ಆ ದಿನದ ಕರೆಗಳನ್ನು ನೋಡಿದಳು. ಒಟಾವಿಯೊನ ಅಜ್ಜಿಯಿಂದ ಮೂರು ಕರೆಗಳು. ಯಾವುದನ್ನೂ ಎತ್ತಿರಲಿಲ್ಲ.

ಗಮನಿಸದೆ ಎತ್ತದಿದ್ದದ್ದಲ್ಲ. ಕರೆ ಬಂದಾಗಲೆಲ್ಲ ಅಜ್ಜಿಯ ಹೆಸರು ಪರದೆಯ ಮೇಲರ್ಧ ಮುಚ್ಚುತ್ತಿತ್ತು, ಬೆಲೆ ಕಾಣುತ್ತಿರಲಿಲ್ಲ. ಅದಕ್ಕೆ ಬೆರಳಿನಿಂದ ಪಕ್ಕಕ್ಕೆ ಸರಿಸಿದ್ದಳು. ಮೂರು ಬಾರಿಯೂ. ಓಡುವ ವ್ಯಾನಿನಲ್ಲಿ, ಹಿಂದೆ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು. ಇದು ದೋನಾ ಕ್ಲೆವುಜಾಗೂ ಗೊತ್ತಿರಲಿಲ್ಲ.

ಅವಳು ಎದ್ದು ನೀರು ಕುಡಿದಳು. ಕಿಟಕಿಯಾಚೆ ತೊಳೆದ ವ್ಯಾನ್ ಬಿಸಿಲಿಗೆ ಹೊಳೆಯುತ್ತಿತ್ತು. ಮತ್ತೆ ಬಂದು ಮೊದಲು ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆದಳು:

"ಈ ವಾರ ಐನೂರ ನಲವತ್ತು ನಷ್ಟ. ನಿಯಮದಂತೆ ನಡೆದಿದ್ದರೆ ಇನ್ನೂರು ಆಗುತ್ತಿತ್ತು. ಅಷ್ಟು ಸೋಲು ಈ ಕೆಲಸದಲ್ಲಿ ಬರುತ್ತದೆ, ಅದಕ್ಕೆ ನಾನು ಏನೂ ಮಾಡಬೇಕಿಲ್ಲ. ಸೋಮವಾರ, ಬುಧವಾರ ಸೋತರೂ ತಪ್ಪು ಮಾಡಿಲ್ಲ. ಉಳಿದ ಮುನ್ನೂರ ನಲವತ್ತು ನನ್ನದು.

"ಬುಧವಾರ ಸಂಜೆ ಮಿತಿ ಏರಿಸಿದೆ. ಸೋತ ದಿನ ಸೆಟ್ಟಿಂಗ್ಸ್ ಮುಟ್ಟಬಾರದು. ಗುರುವಾರ ಹೊತ್ತು ಮೀರಿ ಕೊಂಡೆ, ಸ್ಟಾಪ್ ತೆಗೆದೆ, ಆವರೇಜ್ ಮಾಡಿದೆ. ಶುಕ್ರವಾರ ಶಿಸ್ತು ಅಂದುಕೊಂಡದ್ದು ಶಿಸ್ತಲ್ಲ. ಅಂಕಿಅಂಶ ಬಂದು ಮಾರುಕಟ್ಟೆ ತಣ್ಣಗಾದ ಮೇಲೆ ಸರಿಯಾದ ಅವಕಾಶ ಬಂದಿತ್ತು. ಹೆದರಿ ಕೈಕಟ್ಟಿ ಕೂತೆ.

"ಗುರುವಾರ ವ್ಯಾನ್ ಓಡಿಸುತ್ತ ಬೆಲೆ ನೋಡಿದೆ. ಒಟಾವಿಯೊನ ಮನೆ ದಾಟಿಹೋದೆ. ಅವನ ಅಜ್ಜಿಯ ಕರೆಯನ್ನು ಮೂರು ಸಲ ಸರಿಸಿದೆ. ಇದಕ್ಕೆ ಮೊತ್ತ ಹಾಕಲಾಗುವುದಿಲ್ಲ.

"ಮಾಡಬೇಕಾದದ್ದು: ಮಿತಿ ನೂರೈವತ್ತಕ್ಕೆ. ಫೋನಿನಿಂದ ಆ್ಯಪ್ ತೆಗೆಯುವುದು, ಟ್ರೇಡಿಂಗ್ ಲ್ಯಾಪ್‌ಟಾಪಿನಲ್ಲಿ ಮಾತ್ರ. ಒಂದು ತಿಂಗಳು ಒಂದೇ ಲಾಟ್. ಜುಸಾರಾಗೆ ಹೇಳುವುದು."

ಕೊನೆಯ ಸಾಲನ್ನು ಬರೆದ ಮೇಲೆ ಬಹಳ ಹೊತ್ತು ನೋಡಿದಳು. ಜುಸಾರಾ ಒಟಾವಿಯೊನ ತಾಯಿ, ಆಸ್ಪತ್ರೆಯಲ್ಲಿ ನರ್ಸಿಂಗ್ ಕೆಲಸದವಳು. ಅಳಿಸಲು ಒಂದು ಗುಂಡಿ ಸಾಕಿತ್ತು. ಅಳಿಸಲಿಲ್ಲ. ಮೊದಲ ಎರಡು ಕೆಲಸಗಳನ್ನು ಆಗಲೇ ಕೂತಲ್ಲೇ ಮುಗಿಸಿದಳು. ನಾಲ್ಕನೆಯದು ಮಾರನೆಯ ದಿನಕ್ಕೆ ಉಳಿಯಿತು.

ಭಾನುವಾರ ಬೆಳಿಗ್ಗೆ ಬೇಕರಿಯಿಂದ ಬಿಸಿ ಚೀಸ್ ಬನ್ನುಗಳ ಪೊಟ್ಟಣ ಕೊಂಡು, ಅದನ್ನು ಹಿಡಿದು ಹೋಗುವುದು ಲಂಚದಂತೆ ಕಂಡು, ಮನೆಯಲ್ಲೇ ಬಿಟ್ಟು ಹೊರಟಳು. ಜುಸಾರಾ ರಾತ್ರಿ ಪಾಳಿ ಮುಗಿಸಿ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಬಾಗಿಲು ತೆರೆದಳು.

"ನೇಯಾ? ಫೀಸ್ ಹಾಕಿದ್ನಲ್ಲ ಐದನೇ ತಾರೀಕು?"

"ಫೀಸಿನ ವಿಷ್ಯ ಅಲ್ಲ. ಗುರುವಾರದ್ದು. ರಸ್ತೆ ಅಗೆದಿರ್ಲಿಲ್ಲ ಜುಸಾರಾ. ನಾನು ಫೋನ್ ನೋಡ್ತಿದ್ದೆ. ಶೇರಿನ ಆಟ ಆಡ್ತೀನಿ ನಾನು ಬೆಳಿಗ್ಗೆ ಹೊತ್ತು. ಆವತ್ತು ಸೋಲ್ತಿದ್ದೆ, ಬಿಡಕ್ಕಾಗ್ಲಿಲ್ಲ. ನಿಮ್ಮನೆ ದಾಟಿ ಹೋಗ್ಬಿಟ್ಟೆ. ನಿಮ್ಮಮ್ಮ ಫೋನ್ ಮಾಡಿದ್ರು, ಬೇಕಂತ್ಲೇ ಎತ್ಲಿಲ್ಲ."

ಜುಸಾರಾ ಬಾಗಿಲಿಗೆ ಒರಗಿದಳು. ಒಳಗೆ ಟಿವಿಯಲ್ಲಿ ಕಾರ್ಟೂನು ಓಡುತ್ತಿತ್ತು.

"ಓಡಿಸ್ತಾ ಇರೋವಾಗ?"

"ಹೌದು."

"ಎಷ್ಟು ದಿನದಿಂದ ಹೀಗೆ?"

"ಆವತ್ತೇ ಮೊದ್ಲು. ನೀವು ನಂಬ್ಬೇಕು ಅಂತ ಏನಿಲ್ಲ."

"ಕ್ಲೆವುಜಾ ಅವ್ರು ಅಮ್ಮಂಗೆ ಬೇರೇನೇ ಹೇಳಿದ್ರು."

"ನನ್ ಸಲುವಾಗಿ ಹೇಳಿದ್ರು. ಅದೂ ನಂದೇ ತಪ್ಪು ಅಂದ್ಕೊಳಿ."

ಜುಸಾರಾ ಕೂದಲಿನ ನೀರು ಹಿಂಡಿದಳು. ದಣಿದ ಕಣ್ಣುಗಳು. "ಫೋನ್ ನೋಡ್ತಾ ಓಡಿಸಿ ಬಂದವ್ರನ್ನ ದಿನಾ ನೋಡ್ತೀನಿ ನಾನು ಅಲ್ಲಿ," ಎಂದಳು. "ನೀವು ಹೇಳಿದ್ದು ಒಳ್ಳೇದಾಯ್ತು. ಹೇಳ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ. ಆದ್ರೆ ಈಗ ಗೊತ್ತಾಯ್ತಲ್ಲ. ಜುಲೈ ರಜೆವರ್ಗೂ ಬರ್ಲಿ ಅವ್ನು. ಆಮೇಲೆ ನೋಡ್ತೀನಿ."

ಒಟಾವಿಯೊ ಬಾಗಿಲ ಸಂದಿಯಲ್ಲಿ ತಲೆ ತೂರಿಸಿದ. "ಅತ್ತೆ, ಇವತ್ತು ಶಾಲೆ ಇದೆಯಾ?"

"ಇಲ್ಲ ಪುಟ್ಟ, ಭಾನುವಾರ."

"ಮತ್ತೆ ಯಾಕ್ ಬಂದ್ರಿ?"

ನೇಯಾ ಅವನ ತಲೆ ಸವರಿ, ದಿಬ್ಬವಿಳಿದು ಮನೆಗೆ ಬಂದಳು. ವಾಲ್ಡೆಮಿರ್ ಚೀಸ್ ಬನ್ನುಗಳಲ್ಲಿ ಅರ್ಧ ಮುಗಿಸಿದ್ದ. ಅವನಿಗೂ ಎಲ್ಲ ಹೇಳಿದಳು. ಅವನು ಬನ್ನು ತಟ್ಟೆಗಿಟ್ಟು, ತಮಾಷೆ ಮಾಡದೆ ಕೇಳಿಸಿಕೊಂಡ. "ದುಡ್ಡು ಹೋದ್ರೆ ಹೋಯ್ತು ಅಂದಿದ್ದೆ ನಾನು," ಎಂದ ಕೊನೆಗೆ. "ಬೇರೆದಕ್ಕೆ ಹಾಗಂದಿರ್ಲಿಲ್ಲ."

"ಗೊತ್ತು."

ಸೋಮವಾರ ಒಂಬತ್ತಕ್ಕೆ ಫ್ಯೂಚರ್ಸ್ ಮಾರುಕಟ್ಟೆ ತೆರೆಯಿತು. ಅವಳು ಹತ್ತು ಗಂಟೆಗೆ ಷೇರುಪೇಟೆ ತೆರೆಯುವವರೆಗೆ ಸುಮ್ಮನೆ ನೋಡಿದಳು. ಹತ್ತೂಕಾಲರ ಹೊತ್ತಿಗೆ ಅವಳ ಬಗೆಯ ಅವಕಾಶ ಬಂತು. ಒಂದು ಲಾಟ್ ಕೊಂಡಳು, ಜೊತೆಗೇ ಸ್ಟಾಪ್ ಇಟ್ಟಳು. ಬೆಲೆ ಇಳಿದು ಸ್ಟಾಪನ್ನು ಮುಟ್ಟಿತು. ಮೂವತ್ತು ರೆಯಾಲ್ ನಷ್ಟ. ಮತ್ತೆ ಅವಕಾಶ ಬರಲಿಲ್ಲ. ಹತ್ತೂಮುಕ್ಕಾಲಿಗೆ ಲ್ಯಾಪ್‌ಟಾಪ್ ಮುಚ್ಚಿದಳು. ಕೈ ಬೆರಳುಗಳು ಸ್ವಲ್ಪ ಹೊತ್ತು ಮೇಜಿನ ಮೇಲೆ ಏನನ್ನೋ ಹುಡುಕಿದವು.

ವ್ಯಾನ್ ಹತ್ತುವ ಮೊದಲು ಅವಳು ಫೋನನ್ನು ದೋನಾ ಕ್ಲೆವುಜಾ ಅವರ ಏಪ್ರನ್ ಜೇಬಿಗೆ ಹಾಕಿದಳು.

"ಇದೇನಿದು?"

"ದಾರಿ ಮೇಲೆ ನಿಮ್ಮತ್ರ ಇರ್ಲಿ. ಯಾರಾದ್ರೂ ಅಮ್ಮಂದಿರು ಫೋನ್ ಮಾಡಿದ್ರೆ ನೀವೇ ಮಾತಾಡಿ."

"ನಂಗೆ ಬರಲ್ಲ ಇದೆಲ್ಲ. ಯಾವುದೋ ಒತ್ತೋಕೆ ಹೋಗಿ ಯಾವುದೋ ಒತ್ತಿಬಿಟ್ರೆ?"

"ಏನೂ ಆಗಲ್ಲ. ಒತ್ತೋವಂಥದ್ದು ಅದ್ರಲ್ಲಿ ಏನೂ ಉಳಿದಿಲ್ಲ."

ಜುಲೈ ರಜೆ ಮುಗಿದ ಮೇಲೆ ಒಟಾವಿಯೊ ಬರಲಿಲ್ಲ. ಜುಸಾರಾ, ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವ ಇನ್ನೊಬ್ಬಳು ತನ್ನ ಮಗುವನ್ನು ಕಳಿಸುವ ವ್ಯಾನಿಗೆ ಅವನನ್ನು ಸೇರಿಸಿದಳು. ಅದನ್ನು ನೇಯಾಳಿಗೆ ಫೋನ್ ಮಾಡಿ ತಾನೇ ತಿಳಿಸಿದಳು, ಬೇಸರ ಮಾಡಿಕೊಳ್ಳಬೇಡಿ ಎಂದೂ ಹೇಳಿದಳು. ಆ ಸೀಟು ಸೆಪ್ಟೆಂಬರಿನವರೆಗೆ ಖಾಲಿ ಇತ್ತು. ನೇಯಾ ಟ್ರೇಡಿಂಗ್ ಬಿಡಲಿಲ್ಲ. ಒಂದು ತಿಂಗಳು ಎಂದದ್ದು ನಾಲ್ಕು ತಿಂಗಳಾದರೂ ಒಂದೇ ಲಾಟಿನಲ್ಲಿ ಉಳಿದಳು. ಕೆಲವು ವಾರ ಗೆದ್ದಳು, ಹೆಚ್ಚು ವಾರ ಸೋತಳು, ಒಟ್ಟು ಲೆಕ್ಕದಲ್ಲಿ ಸ್ವಲ್ಪ ಕೆಳಗೇ ಇದ್ದಳು. ಡಿಸೆಂಬರಿನವರೆಗೂ ಹೀಗೇ ಇದ್ದರೆ ಉಳಿದ ಹಣವನ್ನು ಹೊರಗೆ ತೆಗೆದು ವ್ಯಾನಿಗೆ ಹೊಸ ಟೈರು ಹಾಕಿಸುವುದಾಗಿ ಗಂಡನಿಗೆ ಹೇಳಿದ್ದಳು.

ದೋನಾ ಕ್ಲೆವುಜಾ ಈಗ ಅಮ್ಮಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನವೂ ನೇಯಾಳ ಫೋನಿನಿಂದ ಉದ್ದುದ್ದ ಧ್ವನಿ ಸಂದೇಶ ಕಳಿಸುತ್ತಾರೆ. ಯಾವ ಮಗು ಯಾವ ಮೂಲೆಯಲ್ಲಿ ಇಳಿಯಿತು, ಯಾರ ಮೂಗು ಸೋರುತ್ತಿದೆ, ಯಾರು ಬನ್ನು ತಿನ್ನದೆ ವಾಪಸು ತಂದರು ಎಲ್ಲವೂ ಅದರಲ್ಲಿರುತ್ತದೆ. ಸ್ವಲ್ಪ ಚಿಕ್ಕದಾಗಿ ಹೇಳಿ ಎಂದು ಒಬ್ಬ ತಂದೆ ಬರೆದಿದ್ದಕ್ಕೆ, ಮರುದಿನ ಅವನ ಮಗನ ಬಗ್ಗೆ ಮಾತ್ರ ಎರಡು ನಿಮಿಷ ಮಾತಾಡಿದರು.